ಒಟ್ಟು ಕೆಲಸಕ್ಕಿಂತ ಉಪಯುಕ್ತ ಕೆಲಸ ಜಾಸ್ತಿ ಬರೋದು ಹೇಗೆ? ΔA ಮತ್ತು ΔG ಲೆಕ್ಕದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ

ಅರ್ಧಬಿಟ್ಟ_ಲೆಕ್ಕ
ಎರಡು ದಿನದಿಂದ ಒಂದೇ ಲೆಕ್ಕದ ಮುಂದೆ ಕೂತಿದ್ದೇನೆ. ಹೈಡ್ರೋಜನ್ ಮತ್ತು ಆಕ್ಸಿಜನ್ ಸೇರಿ ನೀರಾಗುವ ಕ್ರಿಯೆ, 25 ಡಿಗ್ರಿ, 1 ಬಾರ್, ಒಂದು ಮೋಲ್ ದ್ರವ ನೀರು. ಕೋಷ್ಟಕದಲ್ಲಿ ΔH = −285.83 ಕಿಲೋಜೂಲ್, ΔG = −237.13 ಕಿಲೋಜೂಲ್ ಎಂದಿದೆ. ಒಂದೂವರೆ ಮೋಲ್ ಅನಿಲ ಮಾಯವಾಗುತ್ತದೆ. ಹಾಗಾಗಿ Δ(pV) ಅಂದರೆ −1.5RT, ಅಂದರೆ −3.72 ಕಿಲೋಜೂಲ್. ಅದನ್ನು ಕಳೆದರೆ ΔA = −233.41 ಬರುತ್ತದೆ.

ನಮಗೆ ಕಲಿಸಿದ್ದು ಹೀಗೆ: −ΔA ಅಂದರೆ ಸಿಗಬಹುದಾದ ಗರಿಷ್ಠ ಒಟ್ಟು ಕೆಲಸ. −ΔG ಅಂದರೆ ಹಿಗ್ಗುವ ಕೆಲಸವನ್ನು ಬಿಟ್ಟು ಉಳಿದ ಗರಿಷ್ಠ ಕೆಲಸ. ಹಾಗಾದರೆ ಒಟ್ಟು 233.41, ಅದರ ಒಂದು ಭಾಗ ಮಾತ್ರ 237.13! ಭಾಗ ಇಡಿಗಿಂತ ದೊಡ್ಡದಾಯಿತು. ಲೆಕ್ಕ ನಾಲ್ಕು ಸಲ ತಿರುಗಿ ಮಾಡಿದೆ, ತಪ್ಪು ಕಾಣಲಿಲ್ಲ. ಎಲ್ಲಿ ಎಡವುತ್ತಿದ್ದೇನೆ?

ಪಿಪೆಟ್
ನನಗೂ ಇದೇ ಅನುಮಾನ ಇತ್ತು. ಯಾರನ್ನೂ ಕೇಳಿರಲಿಲ್ಲ. ಉತ್ತರಕ್ಕೆ ಕಾಯ್ತಿದ್ದೇನೆ.

ಮುಚ್ಚಿದ_ಪಾತ್ರೆ
ಇದರಲ್ಲಿ ಗೊಂದಲವೇ ಇಲ್ಲ. A ಇರುವುದು ಸ್ಥಿರ ಗಾತ್ರಕ್ಕೆ. ಗಾತ್ರ ಬದಲಾಗದಿದ್ದರೆ ಕೆಲಸ p∆V ಸೊನ್ನೆ. ಅಂದರೆ ಸ್ಥಿರ ಗಾತ್ರದಲ್ಲಿ ಕೆಲಸವೇ ಇಲ್ಲ. 233.41 ಎಂಬುದು ಕಾಗದದ ಮೇಲಿನ ಸಂಖ್ಯೆ ಅಷ್ಟೇ. ನಿಜವಾಗಿ ಉಪಯೋಗಕ್ಕೆ ಬರುವುದು G ಒಂದೇ.

ಪಿಪೆಟ್
ಕೆಲಸವೇ ಇಲ್ಲ ಅಂದರೆ ಅದಕ್ಕೆ ಗರಿಷ್ಠ ಕೆಲಸ ಅಂತ ಯಾಕೆ ಹೆಸರು ಬಂತು ಸರ್?

ಎರಡನೇ_ನಿಯಮ
ಮುಚ್ಚಿದ_ಪಾತ್ರೆಯವರು ಹೇಳಿದ್ದರಲ್ಲಿ ಅರ್ಧ ಸರಿ. ಗಾತ್ರ ಸ್ಥಿರವಾಗಿದ್ದರೆ ಪಿಸ್ಟನ್ ತಳ್ಳುವ ಕೆಲಸ ಸೊನ್ನೆ, ನಿಜ. ಆದರೆ ಕೆಲಸ ಹೊರಗೆ ಬರಲು ಪಿಸ್ಟನ್ ಒಂದೇ ದಾರಿಯಲ್ಲ. ಗಟ್ಟಿ ಪಾತ್ರೆಯ ಗೋಡೆಯಲ್ಲಿ ಎರಡು ತಂತಿ ಹೊರಗೆ ಬಂದಿದ್ದರೆ ವಿದ್ಯುತ್ ಕೆಲಸ ಬರುತ್ತದೆ ಅಲ್ವಾ? ಗಾತ್ರ ಒಂದು ಹನಿಯಷ್ಟೂ ಬದಲಾಗಬೇಕಿಲ್ಲ.

ಇನ್ನೊಂದು ಮಾತು. −ΔA ಗರಿಷ್ಠ ಒಟ್ಟು ಕೆಲಸ ಎನ್ನಲು ಗಾತ್ರ ಸ್ಥಿರವಾಗಿರಬೇಕು ಎಂಬ ಷರತ್ತೇ ಇಲ್ಲ. ತಾಪಮಾನ ಸ್ಥಿರವಾಗಿದ್ದರೆ ಸಾಕು. ಗಾತ್ರ ಬದಲಾಗಲಿ, ಒತ್ತಡ ಬದಲಾಗಲಿ, ಎಲ್ಲ ದಾರಿಗಳಿಂದ ಬರುವ ಕೆಲಸದ ಮೊತ್ತ −ΔA ದಾಟುವುದಿಲ್ಲ. ಗಾತ್ರವೂ ಸ್ಥಿರವಾಗಿದ್ದರೆ ಪಿಸ್ಟನ್ ಪಾಲು ಸೊನ್ನೆಯಾಗಿ, ಅಷ್ಟೂ ಬೇರೆ ಬಗೆಯ ಕೆಲಸವಾಗಿ ಸಿಗಬಹುದು. G ವಿಷಯದಲ್ಲಿ ಹಾಗಲ್ಲ. ಅಲ್ಲಿ ತಾಪಮಾನದ ಜೊತೆ ಒತ್ತಡವೂ ಸ್ಥಿರವಾಗಿರಲೇಬೇಕು.

ಈಗ ಮೂಲ ಪ್ರಶ್ನೆ. ಅರ್ಧಬಿಟ್ಟ_ಲೆಕ್ಕ ಅವರೇ, ನಿಮ್ಮ ಲೆಕ್ಕದಲ್ಲಿ ತಪ್ಪಿಲ್ಲ. "ಭಾಗ" ಎಂಬ ಪದದಲ್ಲಿ ತೊಡಕಿದೆ. ಒಟ್ಟು ಕೆಲಸ ಎಂದರೆ ವಿದ್ಯುತ್ ಕೆಲಸ ಮತ್ತು ಪಿಸ್ಟನ್ ಕೆಲಸ ಕೂಡಿದ್ದು. ನಿಮ್ಮ ಕ್ರಿಯೆಯಲ್ಲಿ ಅನಿಲ ಕುಗ್ಗುತ್ತದೆ. ಹಾಗಾಗಿ ಪಿಸ್ಟನ್ ಕೆಲಸ ನಾವು ಪಡೆಯುವಂಥದ್ದಲ್ಲ, ಹೊರಗಿನ ಗಾಳಿ ನಮ್ಮ ಮೇಲೆ ಮಾಡುವಂಥದ್ದು. ಅದು −3.72. ವಿದ್ಯುತ್ 237.13, ಪಿಸ್ಟನ್ −3.72, ಕೂಡಿದರೆ 233.41. ಒಂದು ಪಾಲು ಋಣವಾದರೆ ಇನ್ನೊಂದು ಪಾಲು ಮೊತ್ತಕ್ಕಿಂತ ದೊಡ್ಡದಾಗಲೇಬೇಕು.

ಅರ್ಧಬಿಟ್ಟ_ಲೆಕ್ಕ
ಚಿಹ್ನೆಯ ಮಾತು ಅರ್ಥವಾಯಿತು. ಆದರೂ ಮನಸ್ಸು ಒಪ್ಪುತ್ತಿಲ್ಲ. ಗಾಳಿ ಪಿಸ್ಟನ್ ಒತ್ತಿದ್ದು ವಿದ್ಯುತ್ ಆಗಿ ಹೇಗೆ ಹೊರಗೆ ಬರುತ್ತದೆ? ಪಿಸ್ಟನ್‌ಗೂ ತಂತಿಗೂ ಏನು ಸಂಬಂಧ?

ಸೆಲ್_ತಂತಿ
ಒಳ್ಳೆಯ ಪ್ರಶ್ನೆ. ನಾನು ಇದನ್ನು ಭಾರದ ಚಿತ್ರ ಬರೆದುಕೊಂಡು ಅರ್ಥ ಮಾಡಿಕೊಂಡೆ. ವಾತಾವರಣವನ್ನು ಮರೆತುಬಿಡಿ. ಸುತ್ತ ನಿರ್ವಾತ ಇದೆ ಎಂದುಕೊಳ್ಳಿ. ಎರಡು ಅನಿಲಗಳೂ ನೆಟ್ಟಗೆ ನಿಂತ ಸಿಲಿಂಡರ್‌ಗಳಲ್ಲಿವೆ. ಮೇಲೆ ಪಿಸ್ಟನ್, ಅದರ ಮೇಲೆ ಭಾರ. ಪಿಸ್ಟನ್ ವಿಸ್ತೀರ್ಣ 100 ಚದರ ಸೆಂಟಿಮೀಟರ್ ಆದರೆ 1 ಬಾರ್ ಒತ್ತಡಕ್ಕೆ ಸುಮಾರು 102 ಕಿಲೋ ಭಾರ ಇಡಬೇಕು. ಒಂದು ಮೋಲ್ ಹೈಡ್ರೋಜನ್ 24.8 ಲೀಟರ್, ಅರ್ಧ ಮೋಲ್ ಆಕ್ಸಿಜನ್ 12.4 ಲೀಟರ್. ಎಲ್ಲ ಖಾಲಿಯಾಗುವಾಗ ಒಂದು ಪಿಸ್ಟನ್ 2.48 ಮೀಟರ್, ಇನ್ನೊಂದು 1.24 ಮೀಟರ್ ಕೆಳಗೆ ಬರುತ್ತದೆ. ಎರಡೂ ಸೇರಿ 3.72 ಮೀಟರ್. 1000 ನ್ಯೂಟನ್ ಬಲ, 3.72 ಮೀಟರ್: 3.72 ಕಿಲೋಜೂಲ್. ನಿಮ್ಮ ಸಂಖ್ಯೆಯೇ ಬಂತು.

ಭಾರ ಕೆಳಗಿಳಿದಿದೆ, ಅದರ ಶಕ್ತಿ ಎಲ್ಲಿಗಾದರೂ ಹೋಗಬೇಕು. ಹೋಗಿದ್ದು ಸೆಲ್‌ಗೆ. ದಾರಿ ಇಷ್ಟೇ: ಭಾರ ಇರುವುದರಿಂದ ಅನಿಲದ ಒತ್ತಡ ಕೊನೆಯ ತನಕ 1 ಬಾರ್‌ನಲ್ಲೇ ಉಳಿಯಿತು. ಒತ್ತಡ ಉಳಿದಿದ್ದರಿಂದ ವೋಲ್ಟೇಜ್ ಕೂಡ 1.229ರಲ್ಲೇ ನಿಂತಿತು.

ಕೊಳವೆ_ಬಲ್ಬ್
ಹಾಗಾದರೆ ಗಾಳಿಯಿಂದ ಪುಕ್ಕಟೆ ಶಕ್ತಿ ತೆಗೆದ ಹಾಗಾಯಿತಲ್ಲ? ಇದನ್ನೇ ಮತ್ತೆ ಮತ್ತೆ ಮಾಡಿದರೆ?

ಎರಡನೇ_ನಿಯಮ
ಮತ್ತೆ ಮಾಡಬೇಕಾದರೆ ನೀರನ್ನು ಒಡೆದು 37.2 ಲೀಟರ್ ಅನಿಲ ಮಾಡಬೇಕು. ಆಗ ಅದೇ ಗಾಳಿಯನ್ನು, ಅಥವಾ ಅದೇ ಭಾರವನ್ನು, ಹಿಂದಕ್ಕೆ ತಳ್ಳಬೇಕು. ಪಡೆದ 3.72 ಪೂರ್ತಿ ವಾಪಸ್ ಕೊಡಬೇಕು. ಸುತ್ತು ಮುಗಿದಾಗ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಲ್ಯಾಬ್_ಮೇಜು
ಇದನ್ನು ಓದಿದ ಮೇಲೆ ನನ್ನ ಹಳೆಯ ಪ್ರಯೋಗ ನೆನಪಾಯಿತು. ಪುಟ್ಟ ಫ್ಯೂಯಲ್ ಸೆಲ್ ಕಿಟ್ ಒಂದರಲ್ಲಿ ತಂತಿಗೆ ಏನೂ ಜೋಡಿಸದೆ ಅಳೆದಾಗ 0.95 ವೋಲ್ಟ್ ಮಾತ್ರ ಬಂತು. ಪುಸ್ತಕದ 1.229 ಬರಲೇ ಇಲ್ಲ. ವರದಿಯಲ್ಲಿ ಕಾರಣ ಬರೆಯಲಾಗದೆ ಅಂಕ ಹೋಯಿತು. ಈಗ ಗೊತ್ತಾಯಿತು. ಅನಿಲ ಇದ್ದದ್ದು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಅಂದರೆ ಸ್ಥಿರ ಗಾತ್ರ. ಹಾಗಾಗಿ ΔG ಬದಲು ΔA ಅನ್ವಯಿಸಿ ವೋಲ್ಟೇಜ್ ಕಡಿಮೆಯಾಗಿದೆ.

ಸೆಲ್_ತಂತಿ
ಇಲ್ಲ, ಅದು ಕಾರಣವಾಗಲು ಸಾಧ್ಯವಿಲ್ಲ. ಸಂಖ್ಯೆ ಹಾಕಿ ನೋಡಿ. 3.72 ಕಿಲೋಜೂಲ್ ಅನ್ನು 2F, ಅಂದರೆ 192970ರಿಂದ ಭಾಗಿಸಿದರೆ 0.019 ವೋಲ್ಟ್. ನಿಮಗೆ ಕಳೆದುಹೋಗಿದ್ದು 0.28 ವೋಲ್ಟ್. ಹತ್ತು ಪಟ್ಟಿಗಿಂತ ಜಾಸ್ತಿ. ನಿಮ್ಮ ಸೆಲ್‌ನಲ್ಲಿ ಆಕ್ಸಿಜನ್ ಎಲೆಕ್ಟ್ರೋಡ್ ಸಮತೋಲನಕ್ಕೆ ಬಂದೇ ಇಲ್ಲ. ಪ್ಲಾಟಿನಂ ಮೇಲೆ ಆ ಕ್ರಿಯೆ ತುಂಬಾ ನಿಧಾನ. ಜೊತೆಗೆ ಪೊರೆಯ ಮೂಲಕ ಸ್ವಲ್ಪ ಹೈಡ್ರೋಜನ್ ಸೋರಿ ಆ ಕಡೆ ಹೋಗುತ್ತದೆ. ತಂತಿ ಬಿಚ್ಚಿಟ್ಟರೂ ಒಳಗೆ ಕ್ರಿಯೆ ನಡೆಯುತ್ತಲೇ ಇರುತ್ತದೆ. ಅದಕ್ಕೇ ಇಂಥ ಸೆಲ್‌ಗಳು 1 ವೋಲ್ಟ್ ಆಸುಪಾಸಿನಲ್ಲಿ ನಿಲ್ಲುತ್ತವೆ.

ಇನ್ನೂ ಒಂದು ವಿಷಯ. ಡಬ್ಬಿ ಗಟ್ಟಿಯಾಗಿದ್ದರೂ ಆ ಕ್ಷಣದ ವೋಲ್ಟೇಜ್ ಹೇಳುವುದು ಆ ಕ್ಷಣದ ಒತ್ತಡವೇ. ಡಬ್ಬಿಯಲ್ಲಿ 1 ಬಾರ್ ಇದ್ದರೆ ಆದರ್ಶ ಸೆಲ್ 1.229 ತೋರಿಸುತ್ತದೆ. ಗೋಡೆ ಗಟ್ಟಿಯೋ ಜಾರುತ್ತದೋ ಎಂದು ವೋಲ್ಟ್‌ಮೀಟರ್‌ಗೆ ಗೊತ್ತಾಗುವುದಿಲ್ಲ. ವ್ಯತ್ಯಾಸ ಕಾಣುವುದು ಅನಿಲ ಖರ್ಚಾಗುತ್ತಾ ಹೋದಾಗ.

ಲ್ಯಾಬ್_ಮೇಜು
ಆ ಸೋರಿಕೆಯ ವಿಷಯ ನನಗೆ ಯಾರೂ ಹೇಳಿರಲಿಲ್ಲ. ಆದರೆ ಗಟ್ಟಿ ಡಬ್ಬಿಯಲ್ಲಿ ಖರ್ಚಾಗುತ್ತಾ ಹೋದರೆ ಏನಾಗುತ್ತದೆ ಎಂದು ಸಂಖ್ಯೆಯಲ್ಲಿ ತೋರಿಸುತ್ತೀರಾ?

ಸೆಲ್_ತಂತಿ
ಖಂಡಿತ. ಈ ಲೆಕ್ಕ ನನಗೆ ತುಂಬಾ ಇಷ್ಟ. ಹೈಡ್ರೋಜನ್ 24.8 ಲೀಟರ್‌ನ ಗಟ್ಟಿ ಪಾತ್ರೆಯಲ್ಲಿ, ಆಕ್ಸಿಜನ್ 12.4 ಲೀಟರ್‌ನ ಇನ್ನೊಂದು ಗಟ್ಟಿ ಪಾತ್ರೆಯಲ್ಲಿ. ಎರಡೂ 1 ಬಾರ್‌ನಿಂದ ಶುರು. ಉಳಿದ ಅನಿಲದ ಪಾಲನ್ನು x ಎನ್ನೋಣ. ಗಾತ್ರ ಬದಲಾಗದ ಕಾರಣ ಒತ್ತಡವೂ x ಬಾರ್. ನರ್ನ್ಸ್ಟ್ ಸಮೀಕರಣ ಹಾಕಿದರೆ:

```
E = 1.229 + (RT/2F) × 1.5 × ln x
RT/2F = 0.01285 V
```

ಅರ್ಧ ಅನಿಲ ಖರ್ಚಾದಾಗ ವೋಲ್ಟೇಜ್ 13 ಮಿಲಿವೋಲ್ಟ್ ಇಳಿದಿರುತ್ತದೆ. 90 ಪಾಲು ಖರ್ಚಾದಾಗ 44. 99 ಪಾಲು ಹೋದಾಗ 89. ಅಂದರೆ ಬಹಳ ಹೊತ್ತು ಹೆಚ್ಚು ಇಳಿಯುವುದಿಲ್ಲ, ಕೊನೆಗೆ ಸರ್ರನೆ ಜಾರುತ್ತದೆ.

ಈಗ ಪ್ರತಿ ಹೆಜ್ಜೆಯ ವಿದ್ಯುತ್ ಕೆಲಸ ಕೂಡಿ. ln x ಅನ್ನು 0ಯಿಂದ 1ರವರೆಗೆ ಕೂಡಿದರೆ ಸರಿಯಾಗಿ −1 ಬರುತ್ತದೆ. ಆದ್ದರಿಂದ ಕಳೆದುಹೋದ ಕೆಲಸ 1.5RT, ಅಂದರೆ 3.72 ಕಿಲೋಜೂಲ್. ಒಟ್ಟು ವಿದ್ಯುತ್ 237.13 − 3.72 = 233.41. ಇದು −ΔA! ಎಲ್ಲೂ A ಎಂಬ ಅಕ್ಷರ ಬಳಸದೆ, ಬರೀ ವೋಲ್ಟೇಜ್ ಇಳಿಯುವುದನ್ನು ನೋಡಿಯೇ ಅಲ್ಲಿಗೆ ಬಂದೆವು.

ಪಿಪೆಟ್
ಇದು ಎಷ್ಟು ಚೆಂದ ಇದೆ! ಅಂದರೆ ಪಿಸ್ಟನ್ ಇದ್ದಾಗ ಭಾರ ಆ ಇಳಿತವನ್ನು ತಡೆದು ನಿಲ್ಲಿಸುತ್ತಿತ್ತು. ಭಾರದ 3.72 ತಂತಿಗೆ ಬಂದಿದ್ದು ಹೀಗೇ.

ಕೊಳವೆ_ಬಲ್ಬ್
ಒಂದು ತಕರಾರು. x ಸೊನ್ನೆಗೆ ಹೋದರೆ ln x ಋಣ ಅನಂತ. ವೋಲ್ಟೇಜ್ ಸೊನ್ನೆಗಿಂತ ಕೆಳಗೆ ಹೋಗಿ ಕ್ರಿಯೆ ಹಿಂದಕ್ಕೆ ತಿರುಗಬೇಕಲ್ಲ? ಹಾಗಿದ್ದರೆ ಪೂರ್ತಿ ಖರ್ಚಾಗುವುದೇ ಇಲ್ಲ.

ಸೆಲ್_ತಂತಿ
ತತ್ವಕ್ಕೆ ನಿಮ್ಮ ಮಾತು ಸರಿ. ಆದರೆ ವೋಲ್ಟೇಜ್ ಸೊನ್ನೆಯಾಗಲು ln x ಸುಮಾರು −64 ಆಗಬೇಕು. ಅಂದರೆ x ಸುಮಾರು 10ರ ಘಾತ −28. ಒಂದು ಮೋಲ್‌ನಲ್ಲಿ ಅಷ್ಟು ಪಾಲು ಎಂದರೆ ಒಂದು ಅಣುವೂ ಉಳಿದಿರುವುದಿಲ್ಲ. ಕೆಲಸದ ಲೆಕ್ಕಕ್ಕೆ ಅದರಿಂದ ಏನೂ ವ್ಯತ್ಯಾಸವಿಲ್ಲ.

ಮುಚ್ಚಿದ_ಪಾತ್ರೆ
ನಾನು ಮೊದಲು ಬರೆದದ್ದನ್ನು ತಿದ್ದಿಕೊಳ್ಳುತ್ತೇನೆ. ತಂತಿಯ ದಾರಿ ಮರೆತಿದ್ದೆ. ಆದರೆ ನನ್ನ ತಲೆಯಲ್ಲಿ ಇದ್ದದ್ದು ಬಾಂಬ್ ಕ್ಯಾಲೊರಿಮೀಟರ್. ಅದು ಗಟ್ಟಿ ಉಕ್ಕಿನ ಪಾತ್ರೆ. ಒಳಗೆ ಇದೇ ಕ್ರಿಯೆ ಮಾಡಿಸಿದರೆ ಕೆಲಸ ಸೊನ್ನೆ. ಅಲ್ಲಿ ಅಳೆದ ಶಾಖ ΔA ತಾನೇ?

ಎರಡನೇ_ನಿಯಮ
ಅಲ್ಲಿ ಅಳೆಯುವುದು ΔU. ಈ ಕ್ರಿಯೆಗೆ −282.11. ಪಾತ್ರೆ ಮತ್ತೆ 25 ಡಿಗ್ರಿಗೆ ಬಂದಾಗ ಒಳಗಿನ ΔA −233.41 ಆಗಿಯೇ ಇರುತ್ತದೆ, ಯಾಕೆಂದರೆ ಶುರು ಮತ್ತು ಕೊನೆ ಎರಡೂ ಅವೇ. ಆದರೆ ಸಿಗಬಹುದಾಗಿದ್ದ 233.41ರಲ್ಲಿ ಒಂದು ಜೂಲ್ ಕೂಡ ಕೆಲಸವಾಗಿ ಬರಲಿಲ್ಲ. ಎಲ್ಲ ಶಾಖವಾಯಿತು. "ಗರಿಷ್ಠ" ಎಂಬ ಪದದ ಬೆಲೆ ಇಲ್ಲೇ ಇದೆ. ΔA ಮೇಲಿನ ಮಿತಿ ಹೇಳುತ್ತದೆ, ಎಷ್ಟು ಸಿಕ್ಕಿತು ಎಂದು ಹೇಳುವುದಿಲ್ಲ.

ಗಟ್ಟಿ ಪಾತ್ರೆಯ ಸೆಲ್ ಅನ್ನು ತೀರಾ ನಿಧಾನವಾಗಿ ನಡೆಸಿದರೂ 48.7 ಕಿಲೋಜೂಲ್ ಶಾಖ ಹೊರಗೆ ಹೋಗಲೇಬೇಕು. ಅದು TΔS. ಎಂಟ್ರೊಪಿ 163.3 ಜೂಲ್ ಪ್ರತಿ ಕೆಲ್ವಿನ್ ಇಳಿಯುವುದರಿಂದ ಅದನ್ನು ತಪ್ಪಿಸಲಾಗದು. ಪಿಸ್ಟನ್ ಇರುವ ಸೆಲ್‌ನಲ್ಲೂ ಅದೇ 48.7. ಬಾಂಬ್‌ನ ಶಾಖ ಒಂದರಿಂದಲೇ ΔA ಸಿಗುವುದಿಲ್ಲ. ಎಂಟ್ರೊಪಿಯನ್ನು ಬೇರೆ ಕಡೆಯಿಂದ ತರಬೇಕು.

ಅರ್ಧಬಿಟ್ಟ_ಲೆಕ್ಕ
ಹಾಗಾದರೆ G ಯಾವಾಗಲೂ A ಗಿಂತ ಜಾಸ್ತಿ ಕೊಡುತ್ತದೆ ಎಂದು ಬರೆದುಕೊಳ್ಳಲೇ?

ಸೆಲ್_ತಂತಿ
ಬೇಡ ಬೇಡ! ಅನಿಲ ಹುಟ್ಟುವ ಕ್ರಿಯೆಯಲ್ಲಿ ತಿರುಗುಮುರುಗು. ಸತು ಆಮ್ಲದಲ್ಲಿ ಕರಗಿ ಹೈಡ್ರೋಜನ್ ಬರುವುದನ್ನು ತೆಗೆದುಕೊಳ್ಳಿ. ಪ್ರಮಾಣಿತ ಸ್ಥಿತಿಯಲ್ಲಿ −ΔG ಸುಮಾರು 147.1 ಕಿಲೋಜೂಲ್. ಒಂದು ಮೋಲ್ ಅನಿಲ ಹುಟ್ಟುತ್ತದೆ, RT ಅಂದರೆ 2.48. ಆದ್ದರಿಂದ −ΔA 149.6. ಇಲ್ಲಿ ಒಟ್ಟು ದೊಡ್ಡದು. ಅದರಲ್ಲಿ 2.48 ಗಾಳಿಯನ್ನು ಆಚೆ ತಳ್ಳಲು ಹೋಗುತ್ತದೆ. ಉಳಿದದ್ದು ತಂತಿಗೆ. ನಮಗೆ ಕಲಿಸುವಾಗ ಯಾವಾಗಲೂ ಇಂಥ ಉದಾಹರಣೆಯನ್ನೇ ಕೊಡುತ್ತಾರೆ. ಅದಕ್ಕೇ "ಭಾಗ" ಎಂಬ ಮಾತು ತಲೆಯಲ್ಲಿ ಕೂತುಬಿಡುತ್ತದೆ.

ಅನಿಲವೇ ಇಲ್ಲದ ಬ್ಯಾಟರಿಯಲ್ಲಿ ಎರಡೂ ಒಂದೇ ಎಂದುಕೊಳ್ಳಿ. 1 ಬಾರ್‌ನಲ್ಲಿ ಒಂದು ಘನ ಸೆಂಟಿಮೀಟರ್ ಬದಲಾದರೆ ಆಗುವ ಕೆಲಸ 0.1 ಜೂಲ್ ಮಾತ್ರ.

ಪರೀಕ್ಷೆ_ಹತ್ತಿರ
ನನ್ನದು ಬೇರೆ ಸಮಸ್ಯೆ. ಆದರ್ಶ ಅನಿಲ ಒಂದು ಮೋಲ್, 25 ಡಿಗ್ರಿಯಲ್ಲಿ 10 ಲೀಟರ್‌ನಿಂದ 20 ಲೀಟರ್‌ಗೆ ಹಿಗ್ಗಿತು. ΔA ಎಷ್ಟು, ΔG ಎಷ್ಟು ಎಂದು ಕೇಳಿದ್ದರು. ಎರಡೂ −1718 ಜೂಲ್ ಎಂದು ಬರೆದೆ. ಆಮೇಲೆ "ಆದ್ದರಿಂದ ಹಿಗ್ಗುವ ಕೆಲಸ ಬಿಟ್ಟು 1718 ಜೂಲ್ ಬೇರೆ ಕೆಲಸವೂ ಸಿಗುತ್ತದೆ" ಎಂದು ಸೇರಿಸಿದೆ. ಆ ಸಾಲಿಗೆ ಕೆಂಪು ಗೆರೆ ಬಿತ್ತು, ಕಾರಣ ಬರೆದಿರಲಿಲ್ಲ.

ಎರಡನೇ_ನಿಯಮ
ಎರಡು ಸಂಖ್ಯೆಗಳೂ ಸರಿ. ಆದರ್ಶ ಅನಿಲದಲ್ಲಿ ತಾಪಮಾನ ಬದಲಾಗದಿದ್ದರೆ pV ಬದಲಾಗುವುದಿಲ್ಲ. ಹಾಗಾಗಿ ΔA ಮತ್ತು ΔG ಒಂದೇ. ತಪ್ಪಾಗಿದ್ದು ಕೊನೆಯ ಸಾಲಿನಲ್ಲಿ. ಆ ಹಿಗ್ಗುವಿಕೆಯಲ್ಲಿ ಒತ್ತಡ ಅರ್ಧಕ್ಕೆ ಇಳಿಯಿತು. ಒತ್ತಡ ಸ್ಥಿರವಾಗಿರದ ಕಡೆ −ΔG ಅನ್ನು "ಬೇರೆ ಕೆಲಸ" ಎಂದು ಓದುವ ಹಕ್ಕು ನಮಗಿಲ್ಲ. ಅಲ್ಲಿ ΔG ಬರೀ ಒಂದು ವ್ಯತ್ಯಾಸ. ಇದೇ 1718 ಪಿಸ್ಟನ್ ಮೂಲಕ ಬಂದಾಯಿತು, ಎರಡನೇ ಸಲ ಬರುವುದಿಲ್ಲ. −ΔA ಓದಲು ಒತ್ತಡದ ಷರತ್ತಿಲ್ಲದ ಕಾರಣ ಅದು ಸುರಕ್ಷಿತ.

ಪರೀಕ್ಷೆ_ಹತ್ತಿರ
ಸರ್, ಈಗ ಅರ್ಥವಾಯಿತು. ಆ ಕೆಂಪು ಗೆರೆ ಇಷ್ಟು ದಿನ ಕಾಡುತ್ತಿತ್ತು.

ಹಳೇ_ಗ್ರಂಥಾಲಯ
ಸ್ವಲ್ಪ ಪಕ್ಕದ ಮಾತು. ಕೆಲವು ಕಡೆ ಇದನ್ನು A ಎಂದೂ ಕೆಲವು ಕಡೆ F ಎಂದೂ ಬರೆದಿರುವುದರಿಂದಲೇ ಅರ್ಧ ಜನ ಎಡವುತ್ತಾರೆ. A ಎಂಬುದು ಕೆಲಸ ಎಂಬ ಅರ್ಥದ ಜರ್ಮನ್ ಪದ ಆರ್‌ಬೈಟ್‌ನ ಮೊದಲ ಅಕ್ಷರ. "ಮುಕ್ತ ಶಕ್ತಿ" ಎಂಬ ಹೆಸರನ್ನು 1882ರಲ್ಲಿ ಹೆಲ್ಮ್‌ಹೋಲ್ಟ್ಸ್ ಕೊಟ್ಟಿದ್ದು ಈ ಸ್ಥಿರ ಗಾತ್ರದ ಶಕ್ತಿಗೆ. ಆಮೇಲೆ ಅಮೆರಿಕದ ರಸಾಯನಶಾಸ್ತ್ರಜ್ಞರು ಅದೇ ಹೆಸರನ್ನೂ F ಅಕ್ಷರವನ್ನೂ ಗಿಬ್ಸ್ ಶಕ್ತಿಗೆ ಬಳಸಿದರು. ಭೌತಶಾಸ್ತ್ರದವರು ಇವತ್ತಿಗೂ F ಎಂದರೆ ಹೆಲ್ಮ್‌ಹೋಲ್ಟ್ಸ್ ಎಂದೇ ಓದುತ್ತಾರೆ. ಹಳೆಯ ಕೋಷ್ಟಕದಲ್ಲಿ ΔF ಕಂಡರೆ ಮೊದಲು ಅದು ಯಾವುದು ಎಂದು ನೋಡಿ. ನೀರಿನ ಸಾಲಿನಲ್ಲಿ 237 ಇದ್ದರೆ ಅದು ಗಿಬ್ಸ್.

ಪೆಟ್ಟಿಗೆಯ_ಅಣುಗಳು
ಕಂಪ್ಯೂಟರ್‌ನಲ್ಲಿ ಅಣುಗಳನ್ನು ಓಡಿಸುವ ನಮ್ಮಂಥವರಿಗೆ A ಮನೆಯ ಮಗು ಇದ್ದ ಹಾಗೆ. ಪೆಟ್ಟಿಗೆಯ ಗಾತ್ರ ಕಟ್ಟಿಟ್ಟು ಓಡಿಸುತ್ತೇವೆ, ಬರುವುದು ΔA. ಪ್ರಯೋಗದವರ ಬಳಿ ಇರುವುದು ΔG. ದ್ರಾವಣದಲ್ಲಿ ಎರಡೂ ಹತ್ತಿರ ಎಂದು ಹೋಲಿಸಿಬಿಡುತ್ತೇವೆ. ಆದರೆ ಪೆಟ್ಟಿಗೆ ಚಿಕ್ಕದಾಗಿದ್ದು ಒಳಗೆ ದೊಡ್ಡ ಅಣು ಹುಟ್ಟಿಸಿದರೆ ಒತ್ತಡ ನೂರಾರು ಬಾರ್ ಏರುತ್ತದೆ. ಅಂಥ ಕಡೆ ಕಣ್ಣುಮುಚ್ಚಿ ಹೋಲಿಸಬಾರದು. ಓಡುವಾಗ ಒತ್ತಡದ ಸರಾಸರಿ ನೋಡುತ್ತಿದ್ದರೆ ಗೊತ್ತಾಗುತ್ತದೆ.

ಕೊಳವೆ_ಬಲ್ಬ್
ದಕ್ಷತೆ ಹೇಳುವಾಗ ಯಾವುದನ್ನು ಬಳಸಬೇಕು? 237.13 ಅನ್ನು 285.83ರಿಂದ ಭಾಗಿಸಿ 83 ಪಾಲು ಎನ್ನುತ್ತಾರೆ. ಆ 237ರಲ್ಲಿ 3.72 ಗಾಳಿಯದು. ಅದನ್ನು ಸೆಲ್‌ನ ಸಾಧನೆ ಎಂದು ಎಣಿಸುವುದು ನ್ಯಾಯವೇ?

ಸೆಲ್_ತಂತಿ
ಕೆಳಗಿನ 285.83ರಲ್ಲೂ ಅದೇ ಗಾಳಿಯ 3.72 ಸೇರಿದೆಯಲ್ಲ. ಎರಡರಿಂದಲೂ ತೆಗೆದರೆ 233.41 ಭಾಗಿಸು 282.11, ಸುಮಾರು 82.7. ವ್ಯತ್ಯಾಸ ಅತ್ಯಲ್ಪ. ತೆರೆದ ಗಾಳಿಯಲ್ಲಿ ನಡೆಯುವ ಸೆಲ್‌ಗೆ G ಬಳಸುವುದೇ ಸರಿ ಎನ್ನುತ್ತೇನೆ.

ಕೊಳವೆ_ಬಲ್ಬ್
ಸಂಖ್ಯೆ ಚಿಕ್ಕದು ಎಂಬುದು ಉತ್ತರವಲ್ಲ. ಕ್ರಿಯೆಯದ್ದೇ ಆದ ಕೆಲಸ ಯಾವುದು ಎಂದು ಕೇಳಿದರೆ ನಾನು A ಎನ್ನುತ್ತೇನೆ.

ಎರಡನೇ_ನಿಯಮ
ಇಲ್ಲಿ ನಾನು ಸೆಲ್_ತಂತಿ ಕಡೆ. ಸುತ್ತಲಿನ ಗಾಳಿಯನ್ನು ಯಾರೂ ಬಿಚ್ಚಿಡಲಾರರು. ಆದರೆ ಗಾಳಿಯಿಲ್ಲದ ಕಡೆ, ಗಟ್ಟಿ ಟ್ಯಾಂಕ್‌ಗಳಿಂದ ಸೆಲ್ ನಡೆಸುವವರಿಗೆ ನಿಮ್ಮ ಮಾತೇ ಸರಿ.

ಅರ್ಧಬಿಟ್ಟ_ಲೆಕ್ಕ
ಎಲ್ಲರಿಗೂ ತುಂಬಾ ಧನ್ಯವಾದ. ಗಟ್ಟಿ ಪಾತ್ರೆಯ ಲೆಕ್ಕವನ್ನು ನಾನೇ ಇನ್ನೊಮ್ಮೆ ಮಾಡಿದೆ. ಒಂದು ಸಣ್ಣ ವಿಷಯ ಉಳಿಯಿತು. ಕೊನೆಗೆ ಆಕ್ಸಿಜನ್ ಪಾತ್ರೆ ಖಾಲಿಯಾಗಿರುವುದಿಲ್ಲ. ನೀರು ಆ ಕಡೆ ಹುಟ್ಟಿದರೆ ಅದರ ಆವಿ ತುಂಬಿರುತ್ತದೆ. 25 ಡಿಗ್ರಿಯಲ್ಲಿ ಆವಿಯ ಒತ್ತಡ 3.17 ಕಿಲೋಪಾಸ್ಕಲ್. 12.4 ಲೀಟರ್‌ಗೆ ಗುಣಿಸಿದರೆ 39 ಜೂಲ್. ಇದನ್ನು −ΔAಗೆ ಕೂಡಬೇಕೋ ಕಳೆಯಬೇಕೋ?

ಸೆಲ್_ತಂತಿ
ಕೂಡಬೇಕು. ದ್ರವ ತನ್ನದೇ ಆವಿಯ ಒತ್ತಡದಲ್ಲಿ ಆವಿಯಾದರೆ ΔG ಸೊನ್ನೆ, ΔA −39 ಜೂಲ್. ಆದರೆ ಅದನ್ನು ತಂತಿಯಿಂದ ಹೇಗೆ ಹೊರತೆಗೆಯುವುದು ಎಂದು ನನಗೆ ಇನ್ನೂ ಹೊಳೆದಿಲ್ಲ. ಆವಿ ಸುಮ್ನೆ ಖಾಲಿ ಜಾಗಕ್ಕೆ ಹರಡಿದರೆ ಆ 39 ವ್ಯರ್ಥ. ಯಾರಿಗಾದರೂ ದಾರಿ ಕಂಡರೆ ಬರೆಯಿರಿ.

ಪಿಪೆಟ್
ಪಾತ್ರೆಯಲ್ಲಿ ಶುರುವಿನಿಂದಲೇ ಸ್ವಲ್ಪ ನೀರು ಇಟ್ಟಿದ್ದರೆ? ಆಗ ಆವಿ ಮೊದಲೇ ತುಂಬಿರುತ್ತದೆ, ಆ 39ರ ಪ್ರಶ್ನೆಯೇ ಏಳುವುದಿಲ್ಲ ಅಲ್ವಾ?